ಶ್ರೀನಿವಾಸರಿಗೆ ಐದು ಸ್ಪೆಲಿಂಗು

ಕನ್ನಡದ ಹಾಡಿಗೆ ಹೆಸರಿಲ್ಲ. ಈ ಸತ್ಯ ತಿಳಿಯಬೇಕಾದರೆ ಕಂಪ್ಯೂಟರಿನಲ್ಲಿ ಮೂವತ್ತು ಸಾವಿರ ಚಿಲ್ಲರೆ ಹಾಡುಗಳನ್ನು ಗುಡ್ಡೆ ಹಾಕಿಕೊಂಡಿರಬೇಕು. ಕಥೆಗೆ ಹೆಸರಿದೆ, ಕವಿತೆಗೆ ಹೆಸರಿದೆ, ಮೂರು ದಿನವೂ ಓಡದ ಸಿನಿಮಾಕ್ಕೂ ಹೆಸರಿದೆ. ಹಾಡಿಗೆ ಮಾತ್ರ ಪಲ್ಲವಿಯ ಮೊದಲ ಮೂರು ನಾಲ್ಕು ಪದಗಳೇ ಹೆಸರು. ಆದರೆ ಕೇಳುವವರಿಗೆ ನೆನಪಿರುವುದು ಪಲ್ಲವಿಯಲ್ಲ, ಎರಡನೆಯ ಚರಣದ ನಡುವಿನ ಒಂದು ತಿರುವು, ಇಲ್ಲವೇ ಆ ತಿರುವಿಗೆ ಮುಂಚಿನ ಕೊಳಲು. ಕೊಳಲಿನ ತುಂಡನ್ನು ಕೀಬೋರ್ಡಿನಲ್ಲಿ ಟೈಪ್ ಮಾಡುವುದು ಹೇಗೆ?

ನನ್ನ ಗುಡ್ಡೆ ಬೆಳೆದ ರೀತಿ ನಮ್ಮ ತಲೆಮಾರಿನ ಎಲ್ಲರ ಮನೆಯ ರೀತಿಯೇ. ಮೊದಲು ಕ್ಯಾಸೆಟ್ಟು, ಆಮೇಲೆ ಆ ಕ್ಯಾಸೆಟ್ಟುಗಳನ್ನು ಟೇಪ್ ರೆಕಾರ್ಡರಿನಿಂದ ಕಂಪ್ಯೂಟರಿಗೆ ವೈರು ಎಳೆದು ಇಳಿಸಿದ್ದು, ಅದರ ನಡುವೆ ಫುಟ್‌ಪಾತಿನ ಎಂಪಿ3 ಸಿಡಿಗಳ ಕಾಲ. 128 ಕೆಬಿಪಿಎಸ್‌ನಲ್ಲಿ ಐದು ನಿಮಿಷದ ಹಾಡು ಸುಮಾರು ಐದು ಎಂಬಿ ಹಿಡಿಯುತ್ತದೆ, ಸಿಡಿಯ ಹೊಟ್ಟೆ 700 ಎಂಬಿ. ಅಂದರೆ ಒಂದು ತಟ್ಟೆಯಲ್ಲಿ ನೂರ ನಲವತ್ತು ಹಾಡು. ಹಕ್ಕುಬಾಧ್ಯತೆಯ ಮಾತನ್ನು ಆಗ ಯಾರೂ ಎತ್ತುತ್ತಿರಲಿಲ್ಲ, ಈಗ ನಾನು ಎತ್ತುವುದೂ ಬೇಡ. ಕೊನೆಗೆ ಬಂದದ್ದು ಪೆನ್‌ಡ್ರೈವ್. ಮದುವೆ, ಮುಂಜಿ, ಗೃಹಪ್ರವೇಶ ಯಾವುದಕ್ಕೆ ಹೋದರೂ ಯಾರಾದರೊಬ್ಬರು ಜೇಬಿನಿಂದ ತೆಗೆದು, "ಇದರಲ್ಲಿ ಎಲ್ಲಾ ಹಳೇ ಹಾಡು ಇದೆ, ಹಾಕ್ಕೊಳಿ" ಎನ್ನುತ್ತಿದ್ದರು. ಹಾಕಿಕೊಳ್ಳುತ್ತಿದ್ದೆ. ತೆರೆದು ನೋಡಿದರೆ Track 01, Track 02, Track 03. ನನ್ನಲ್ಲಿ ಇಂದಿಗೂ Track 01 ಎಂಬ ಹಾಡುಗಳು ಒಂದು ಊರಿನಷ್ಟಿವೆ.

ಇಷ್ಟನ್ನು ಜೋಡಿಸಬೇಕು ಎಂದಾಗ ಎಲ್ಲರಿಗೂ ಮೊದಲು ಹೊಳೆಯುವುದು ಫೋಲ್ಡರ್. ಚಿತ್ರಗೀತೆಗೊಂದು, ಭಾವಗೀತೆಗೊಂದು, ದೇವರನಾಮ, ವಚನ, ಜಾನಪದ, ರಂಗಗೀತೆ, ಶಾಸ್ತ್ರೀಯಕ್ಕೆ ಒಂದೊಂದು. ಒಂದು ಭಾನುವಾರ ಕೂತರೆ ಮುಗಿಯಿತು ಅನ್ನಿಸುತ್ತದೆ. ಮಧ್ಯಾಹ್ನದ ಊಟದ ಹೊತ್ತಿಗೆ 'ಬೆಳ್ಳಿ ಮೋಡ' ಅಡ್ಡ ಬರುತ್ತದೆ. 1967ರ ಚಿತ್ರ, ಪುಟ್ಟಣ್ಣ ಕಣಗಾಲರದು, ಸಂಗೀತ ವಿಜಯಭಾಸ್ಕರ್. ಅದರಲ್ಲಿ ಬೇಂದ್ರೆಯವರ 'ಬೆಳಗು' ಕವಿತೆ ಹಾಡಾಗಿ ಬರುತ್ತದೆ. ಅದು ಚಿತ್ರಗೀತೆಯೋ ಭಾವಗೀತೆಯೋ? 'ಸಂಧ್ಯಾರಾಗ' (1966) ಚಿತ್ರದಲ್ಲಿ ಭೀಮಸೇನ ಜೋಶಿಯವರು ಹಾಡಿದ್ದಾರೆ. ಅವರನ್ನು ಸಿನಿಮಾ ಫೋಲ್ಡರಿಗೆ ಕಳಿಸಲೋ, ಶಾಸ್ತ್ರೀಯದಲ್ಲಿ ಕೂರಿಸಲೋ? ಪುರಂದರದಾಸರ ಪದ ಸಿನಿಮಾದಲ್ಲಿ ಬಂದರೆ ದಾಸರು ಯಾವ ಕಡೆ? ಫೋಲ್ಡರ್ ಎಂಬುದು ಒಂದು ಫೈಲಿಗೆ ಒಂದೇ ಜಾಗ ಕೊಡುತ್ತದೆ. ಎರಡೂ ಕಡೆ ಕಾಪಿ ಮಾಡಿಟ್ಟರೆ, ವರ್ಷ ಕಳೆದ ಮೇಲೆ ಒಂದರ ಹೆಸರು ತಿದ್ದಿರುತ್ತೀರಿ, ಇನ್ನೊಂದರದ್ದು ಇಲ್ಲ. ಆಮೇಲೆ ಅವೆರಡೂ ಒಂದೇ ಹಾಡೆಂದು ಕಂಪ್ಯೂಟರಿಗೂ ಗೊತ್ತಾಗುವುದಿಲ್ಲ, ನಿಮಗೂ ಗೊತ್ತಾಗುವುದಿಲ್ಲ.

ಸಿನಿಮಾ ಹೆಸರಿನ ಫೋಲ್ಡರಿನಲ್ಲಾದರೂ ನೆಮ್ಮದಿಯುಂಟೇ ಎಂದರೆ 'ನಾಗರಹಾವು' ಹೆಡೆಯೆತ್ತುತ್ತದೆ. ಈ ಹೆಸರಿನಲ್ಲಿ ಕನ್ನಡದಲ್ಲಿ 1972ರದ್ದೊಂದು, 2002ರದ್ದೊಂದು, 2016ರದ್ದೊಂದು ಚಿತ್ರವಿದೆ. ಮೊದಲನೆಯದು ವಿಷ್ಣುವರ್ಧನ್ ರಾಮಾಚಾರಿಯಾದದ್ದು, ಎರಡನೆಯದು ಉಪೇಂದ್ರರದ್ದು, ಮೂರನೆಯದು ವಿಷ್ಣುವರ್ಧನ್ ತೀರಿಕೊಂಡ ಮೇಲೆ ಕೋಡಿ ರಾಮಕೃಷ್ಣ ತೆಗೆದದ್ದು. ಸುಮ್ಮನೆ ನಾಗರಹಾವು ಎಂದು ಬರೆದಿಟ್ಟರೆ ಪ್ಲೇಯರು ಮೂರನ್ನೂ ಒಂದೇ ಆಲ್ಬಮ್ ಎಂದು ತಿಳಿದು ಕಲಸಿಬಿಡುತ್ತದೆ. ಚಿತ್ರದುರ್ಗದ ಕೋಟೆಯ ಹಾಡು ಮುಗಿದ ಬೆನ್ನಿಗೆ ಮೂವತ್ತು ವರ್ಷ ಮುಂದಿನ ಡ್ರಮ್ಮು ಬಡಿಯಲು ಶುರುವಾದಾಗ ನಮ್ಮ ಮನೆಯಾಕೆ ಅಡುಗೆಮನೆಯಿಂದ, "ಏನ್ರೀ ಇದು, ರಾಮಾಚಾರಿಗೆ ಏನಾಯ್ತು?" ಎಂದು ಕೇಳಿದ್ದಳು. ಅಂದಿನಿಂದ ಚಿತ್ರದ ಹೆಸರಿನ ಪಕ್ಕದಲ್ಲೇ ಇಸವಿ ಬರೆಯುವುದು ನನ್ನ ಪದ್ಧತಿ: ನಾಗರಹಾವು (1972). ನಾಲ್ಕು ಅಂಕಿ ಹೆಚ್ಚು ಟೈಪ್ ಮಾಡಬೇಕು, ಅಷ್ಟೆ.

ಹೀಗಾಗಿ ಫೋಲ್ಡರ್ ವಿಷಯದಲ್ಲಿ ನನ್ನ ತೀರ್ಮಾನ ಬಹಳ ಸರಳವಾಗಿದೆ. ಫೋಲ್ಡರ್ ಇರುವುದು ಫೈಲು ಮಲಗಲಿಕ್ಕೆ, ಹುಡುಕಲಿಕ್ಕಲ್ಲ. ಮೊದಲ ಮೆಟ್ಟಿಲಲ್ಲಿ ಏಳೆಂಟು ದೊಡ್ಡ ವಿಭಾಗ, ಅದರೊಳಗೆ ಚಿತ್ರದ ಹೆಸರೋ ಗಾಯಕರ ಹೆಸರೋ, ಅಲ್ಲಿಗೆ ಸಾಕು. ಮೂರನೆಯ ಮೆಟ್ಟಿಲಿಗಿಂತ ಕೆಳಗೆ ಇಳಿದವರು ಮೇಲೆ ಬಂದದ್ದನ್ನು ನಾನು ನೋಡಿಲ್ಲ. 'ಬೆಳ್ಳಿ ಮೋಡ' ಚಿತ್ರಗೀತೆಯಲ್ಲೇ ಮಲಗಿರಲಿ. ಬೇಂದ್ರೆಯವರ ಜೊತೆ ಅದನ್ನು ಸೇರಿಸುವ ಕೆಲಸ ಬೇರೆಯವರದು.

ಆ ಬೇರೆಯವರ ಹೆಸರು ಟ್ಯಾಗ್. ಪ್ರತಿ ಎಂಪಿ3 ಫೈಲಿನ ಒಳಗೂ ಒಂದು ಚೀಟಿ ಅಂಟಿಸಬಹುದು: ಹಾಡಿನ ಹೆಸರು, ಹಾಡಿದವರು, ಆಲ್ಬಮ್, ಇಸವಿ, ಬಗೆ. ಇವಲ್ಲದೆ ನಮಗೆ ಬೇಕಾದ ಮನೆಗಳನ್ನು ನಾವೇ ಸೇರಿಸಬಹುದು. ನಾನು ಕವಿಗೊಂದು, ರಾಗಕ್ಕೊಂದು ಸೇರಿಸಿದ್ದೇನೆ. ಒಂದು ಮನೆಯಲ್ಲಿ ಎರಡು ಹೆಸರುಗಳನ್ನೂ ಇಡಬಹುದು. 'ಬೆಳ್ಳಿ ಮೋಡ'ದ ಆ ಹಾಡಿನ ಬಗೆ ಚಿತ್ರಗೀತೆಯೂ ಹೌದು, ಭಾವಗೀತೆಯೂ ಹೌದು, ಕವಿ ಬೇಂದ್ರೆ. ಫೈಲು ಒಂದೇ, ಎರಡು ಕಡೆಯಿಂದ ಕರೆದರೂ ಓಗೊಡುತ್ತದೆ.

ಆದರೆ ಈ ಚೀಟಿ ಬರೆದವರು ಯಾರು ಎಂದು ನೋಡಬೇಕು. ಹಳೆಯ ಕಾಲದ ಟ್ಯಾಗಿನಲ್ಲಿ ಒಂದೊಂದು ಮನೆಗೆ ಮೂವತ್ತೇ ಅಕ್ಷರ ಜಾಗ, ಅದೂ ಇಂಗ್ಲಿಷಿನವು. ನಮ್ಮ ಪಲ್ಲವಿಗಳು ಮೂವತ್ತಕ್ಕೆ ನಿಲ್ಲುವ ಜಾತಿಯಲ್ಲ. ಸಾಲಿನ ಕೊನೆಯ ಪದ ಅರ್ಧದಲ್ಲೇ ಕತ್ತರಿಸಿಹೋಗಿರುತ್ತದೆ. ಇಂಟರ್ನೆಟ್ಟಿನಿಂದ ಬಂದವುಗಳಲ್ಲಿ ಹಾಡಿದವರ ಜಾಗದಲ್ಲಿ ವೆಬ್‌ಸೈಟಿನ ವಿಳಾಸವೇ ಇರುತ್ತದೆ. ಹೆಸರು ಸರಿಯಾಗಿದ್ದವರದ್ದಾದರೂ ಏನು ಪಾಡು? ನನ್ನ ಸಂಗ್ರಹದಲ್ಲಿ ಡಾ. ರಾಜ್‌ಕುಮಾರ್ ಅವರು Rajkumar, Raj Kumar, Dr.Rajkumar, Dr. Rajkumar, Dr Raj ಎಂದು ಹರಿದು ಹಂಚಿಹೋಗಿದ್ದಾರೆ. ಅಕ್ಷರಕ್ರಮದಲ್ಲಿ ಜೋಡಿಸಿದರೆ ಅರ್ಧ ರಾಜ್‌ಕುಮಾರ್ ಡಿ ಅಕ್ಷರದಲ್ಲಿ, ಅರ್ಧ ಆರ್ ಅಕ್ಷರದಲ್ಲಿ. 'ಸಂಪತ್ತಿಗೆ ಸವಾಲ್' (1974) ಒಂದು ಕಡೆ, 'ಜೀವನ ಚೈತ್ರ' (1992) ಇನ್ನೊಂದು ಕಡೆ. ಡಾಕ್ಟರೇಟ್ ಕೊಟ್ಟ ವಿಶ್ವವಿದ್ಯಾಲಯದವರು ಇದನ್ನು ಯೋಚಿಸಿರಲಾರರು.

ಇನಿಶಿಯಲ್ಲಿನ ಕಥೆ ಇದಕ್ಕಿಂತ ಚೆನ್ನಾಗಿದೆ. ದಕ್ಷಿಣದ ಗಾಯಕರ ಹೆಸರಿನ ಮುಂದೆ ಮನೆತನದ ಇನಿಶಿಯಲ್ ನಿಂತಿರುತ್ತದೆ. ಎಸ್. ಜಾನಕಿ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಇಬ್ಬರೂ ಎಸ್ ಅಕ್ಷರದ ಸಾಲಿನಲ್ಲಿ. ಪಿ. ಸುಶೀಲಾ, ಪಿ.ಬಿ. ಶ್ರೀನಿವಾಸ್ ಪಿ ಅಕ್ಷರದಲ್ಲಿ. ಅಕ್ಷರಕ್ರಮದ ದೃಷ್ಟಿಯಲ್ಲಿ ಶ್ರೀನಿವಾಸರು ಶ್ರೀನಿವಾಸರೇ ಅಲ್ಲ, ಅವರ ಮನೆತನದ 'ಪ್ರತಿವಾದಿ ಭಯಂಕರ'. ಅಷ್ಟು ಮೃದುವಾಗಿ ಹಾಡುತ್ತಿದ್ದವರನ್ನು ಹುಡುಕಲು ಆ ಭಯಂಕರನ ಬಾಗಿಲು ತಟ್ಟಬೇಕು. ಬಾಗಿಲು ತಟ್ಟಿದರೂ ಒಳಗೆ ಐವರಿದ್ದಾರೆ: P.B. Srinivas, P. B. Sreenivas, PB Srinivas, P.B.Srinivos, P B Shrinivas. ಒಂದು ಚುಕ್ಕೆ, ಒಂದು ಖಾಲಿ ಜಾಗ ವ್ಯತ್ಯಾಸವಾದರೂ ಕಂಪ್ಯೂಟರಿನ ಲೆಕ್ಕದಲ್ಲಿ ಬೇರೆ ಮನುಷ್ಯ.

"ಎಲ್ಲವನ್ನೂ ಕನ್ನಡದಲ್ಲೇ ಬರೆದರೆ ಈ ರಗಳೆ ಇರೋದಿಲ್ಲವಲ್ಲ ಭಾವ" ಎಂದ ನನ್ನ ಭಾವಮೈದ. ಅವನು ಯಾವುದನ್ನೂ ಮಾಡುವುದಿಲ್ಲ, ಸಲಹೆ ಮಾತ್ರ ಒಳ್ಳೆಯದು ಕೊಡುತ್ತಾನೆ. ಹೊಸ ಟ್ಯಾಗುಗಳಲ್ಲಿ ಕನ್ನಡ ಧಾರಾಳವಾಗಿ ಕೂರುತ್ತದೆ, ಹೆಸರಿಗೆ ಒಂದೇ ಸ್ಪೆಲಿಂಗೂ ಆಗುತ್ತದೆ. ಆದರೆ ಇಂಗ್ಲಿಷ್ ಅಕ್ಷರಗಳ ಸಂಖ್ಯೆ ಕಂಪ್ಯೂಟರಿನ ಪಟ್ಟಿಯಲ್ಲಿ ಮೊದಲು, ಕನ್ನಡದ್ದು ಬಹಳ ದೂರ. ಅರ್ಧ ಹೆಸರು ಇಂಗ್ಲಿಷಿನಲ್ಲಿ, ಅರ್ಧ ಕನ್ನಡದಲ್ಲಿದ್ದರೆ ಕನ್ನಡದವೆಲ್ಲ ಝಡ್ ಮುಗಿದ ಮೇಲೆ ಬರುತ್ತವೆ. ಮೇಲಾಗಿ ನಮ್ಮ ಕಾರಿನ ಸ್ಟೀರಿಯೊ ಕನ್ನಡವನ್ನು ಓದುವುದಿಲ್ಲ, ಸಾಲಾಗಿ ಚೌಕ ತೋರಿಸುತ್ತದೆ. ಆದ್ದರಿಂದ ನಾನು ಟ್ಯಾಗಿನ ಒಳಗೆ ಕನ್ನಡವನ್ನೂ ಫೈಲಿನ ಹೆಸರಿನಲ್ಲಿ ಇಂಗ್ಲಿಷನ್ನೂ ಇಡುತ್ತಾ ಹೋಗುತ್ತಿದ್ದೇನೆ. ಮೂವತ್ತು ಸಾವಿರದಲ್ಲಿ ಇದು ಮುಗಿಯುವ ಕೆಲಸವಲ್ಲ ಎಂದು ಗೊತ್ತಿದ್ದೇ ಮಾಡುತ್ತಿದ್ದೇನೆ. ಅಲ್ಲಿಯವರೆಗೆ ಹಾಡು ಬೇಕಾದಾಗ ಸಿಗಬೇಕಲ್ಲ? ಅದಕ್ಕೇ ಫಿಲ್ಟರ್.

ನಾನು ಬಳಸುವುದು ಫೂಬಾರ್ 2000 ಎಂಬ ಪ್ಲೇಯರ್. 2002ರಿಂದ ಇದೆ, ಪುಕ್ಕಟೆ ಸಿಗುತ್ತದೆ, ನೋಡಲು ಸರ್ಕಾರಿ ಕಚೇರಿಯ ರಿಜಿಸ್ಟರಿನ ಹಾಗಿದೆ. ಅದರ ಹುಡುಕುವ ಪೆಟ್ಟಿಗೆಯಲ್ಲಿ ಒಂದೊಂದು ಷರತ್ತು ಬರೆದರೆ ಅದಕ್ಕೆ ಒಪ್ಪುವ ಹಾಡುಗಳಷ್ಟೇ ಉಳಿಯುತ್ತವೆ. ಐದು ಸ್ಪೆಲಿಂಗಿನ ಶ್ರೀನಿವಾಸರನ್ನು ಹಿಡಿಯಲು ಪೂರ್ತಿ ಹೆಸರು ಬರೆಯಬಾರದು. ಐದರಲ್ಲೂ ಇರುವ ತುಣುಕು ಯಾವುದೆಂದು ನೋಡಬೇಕು. ಮೂರೇ ಅಕ್ಷರ ಸಾಕು:

```
artist HAS niv
```

ಶ್ರೀನಿವಾಸರು ಅಷ್ಟೂ ಅವತಾರಗಳೊಂದಿಗೆ ಒಟ್ಟಿಗೆ ಬಂದುಬಿಡುತ್ತಾರೆ. ಜೊತೆಗೆ ಯಾರೋ ನಿವೇದಿತಾ ಎಂಬವರೂ ಬರುತ್ತಾರೆ. ಬರಲಿ. ಫಿಲ್ಟರಿನಲ್ಲಿ ಬೇಡದ ನಾಲ್ಕು ಬಂದರೆ ಕಣ್ಣಿಗೆ ಕಾಣುತ್ತದೆ, ಬೇಕಾದ ಒಂದು ಬಿಟ್ಟುಹೋದರೆ ಕಾಣುವುದೇ ಇಲ್ಲ. ಈ ಮಾತಿನ ಬೆಲೆ ನನಗೆ ತಿಳಿದದ್ದು ಶಿವಮೊಗ್ಗದ ಅಕ್ಕನಿಂದ.

ಅಕ್ಕ ಫೋನು ಮಾಡುವುದು ರಾತ್ರಿ ಒಂಬತ್ತರ ಮೇಲೆ. "ಅದೇ ಕಣೋ ಆ ಹಾಡು. ಪಿ.ಬಿ. ಶ್ರೀನಿವಾಸ್ ಹಾಡಿದ್ದು. ನಿಧಾನಕ್ಕಿದೆ. ನಡುವೆ ಒಂದು ಹೆಂಗಸಿನ ದನಿ ಬರತ್ತೆ."

"ಯಾವ ಸಿನಿಮಾ ಅಕ್ಕ?"

"ಅದು ಗೊತ್ತಿದ್ರೆ ನಿನ್ನನ್ಯಾಕೆ ಕೇಳ್ತಿದ್ದೆ? ಕಪ್ಪು ಬಿಳುಪಿಂದು ಇರಬೇಕು."

ನಾನು ಜಾಣತನದಿಂದ ಕೂತೆ. ಹೆಂಗಸಿನ ದನಿ ಎಂದರೆ ಆ ಕಾಲಕ್ಕೆ ಜಾನಕಿ, ಇಲ್ಲವೇ ಸುಶೀಲಾ. ಸುಶೀಲಾ ಅವರಿಗೂ Susheela, Suseela ಎಂದು ಎರಡು ರೂಪ, ಆದ್ದರಿಂದ ಅವರನ್ನೂ ಬಾಲ ಹಿಡಿದೇ ಎಳೆಯಬೇಕು. ಹಾಗೆ ಎಳೆದರೆ ಪಿ. ಲೀಲಾ ಕೂಡ ಪುಕ್ಕಟೆ ಬರುತ್ತಾರೆ. ಕಪ್ಪು ಬಿಳುಪು ಎಂದರೆ 1976ಕ್ಕೆ ಹಿಂದೆ ಎಂದಿಟ್ಟುಕೊಳ್ಳೋಣ:

```
artist HAS niv AND (artist HAS janaki OR artist HAS eela) AND %date% LESS 1976
```

ನೂರ ಚಿಲ್ಲರೆ ಹಾಡು ಉಳಿದವು. ಒಂದೊಂದಾಗಿ ಫೋನಿನ ಹತ್ತಿರ ಹಿಡಿದು ಎರಡೆರಡು ಸಾಲು ಕೇಳಿಸುತ್ತಾ ಹೋದೆ. ಅಕ್ಕ ಕೆಲವನ್ನು ಪೂರ್ತಿ ಕೇಳಿದಳು, ಒಂದೆರಡಕ್ಕೆ ತಾನೂ ಹಾಡಿದಳು, ಕೊನೆಗೆ, "ಎಲ್ಲಾ ಚೆನ್ನಾಗಿದೆ, ಅದಲ್ಲ" ಎಂದಳು.

ಆಗಿದ್ದು ಏನೆಂದರೆ, ಆ ಹಾಡಿನ ಚೀಟಿಯಲ್ಲಿ ಇಸವಿಯ ಮನೆ ಖಾಲಿಯಿತ್ತು. 1976ಕ್ಕಿಂತ ಕಡಿಮೆ ಯಾವುದು ಎಂದು ಕೇಳಿದರೆ, ಇಸವಿಯೇ ಇಲ್ಲದ ಹಾಡು ಕಡಿಮೆಯೂ ಅಲ್ಲ, ಹೆಚ್ಚೂ ಅಲ್ಲ. ಮಾತಾಡದೆ ಆಚೆ ಉಳಿಯುತ್ತದೆ. ಇಂಥವು ಇಲ್ಲ ಎಂದು ಪರದೆಯ ಮೇಲೆ ಯಾವ ಎಚ್ಚರಿಕೆಯೂ ಬರುವುದಿಲ್ಲ. ಜೋಡಿ ದನಿಯ ಕಥೆಯೂ ಅಷ್ಟೆ: ಎಷ್ಟೋ ಯುಗಳ ಗೀತೆಗಳಲ್ಲಿ ಚೀಟಿ ಬರೆದವರು ಗಂಡುದನಿಯ ಹೆಸರು ಬರೆದು ಕೈತೊಳೆದುಕೊಂಡಿರುತ್ತಾರೆ. ಒಂದೊಂದು ಷರತ್ತು ಸೇರಿಸಿದ ಹಾಗೂ ಪಟ್ಟಿ ಚಿಕ್ಕದಾಗುತ್ತದೆ, ಹಾಗೆಯೇ ಬೇಕಾದದ್ದು ಆಚೆ ಬೀಳುವ ಸಂಭವ ದೊಡ್ಡದಾಗುತ್ತದೆ. ಹೀಗೆ ಆಚೆ ಬಿದ್ದವು ಎಷ್ಟಿವೆ ಎಂದು ನೋಡಲು ಒಂದು ಪ್ರಶ್ನೆ ಇದೆ:

```
artist HAS niv AND date MISSING
```

ಶ್ರೀನಿವಾಸರ ಪಾಲಿಗೆ ಇದು ನನ್ನಲ್ಲಿ ಮುನ್ನೂರು ದಾಟಿತು. ಅಷ್ಟನ್ನು ಫೋನಿನಲ್ಲಿ ಕೇಳಿಸಲು ಇಬ್ಬರಿಗೂ ವಯಸ್ಸಿಲ್ಲ.

"ನೀನು ಎಲ್ಲಿ ಕೇಳಿದ್ದು ಅಕ್ಕ, ಇದನ್ನ?" ಎಂದೆ, ಸೋತು.

"ನೀನೇ ಕೊಟ್ಟಿದ್ದಲ್ವೇನೋ. ಪುಟ್ಟಿ ಮದುವೆಗೆ ಬಂದಾಗ, ಪೆನ್‌ಡ್ರೈವಲ್ಲಿ. 'ಹೊಸದಾಗಿ ಸಿಕ್ಕಿದೆ' ಅಂತ ಹೇಳಿದ್ದೆ."

ಅಕ್ಕನ ಮಗಳು ಪುಟ್ಟಿಯ ಮದುವೆ 2017ರ ಮೇ ತಿಂಗಳು. ಹೊಸದಾಗಿ ಸಿಕ್ಕಿದ್ದು ಎಂದರೆ ಆಗಷ್ಟೇ ಕಂಪ್ಯೂಟರಿಗೆ ಸೇರಿಸಿದ್ದು. ಜಾನಕಿ, ಸುಶೀಲಾ, ಇಸವಿ ಎಲ್ಲರನ್ನೂ ಕೈಬಿಟ್ಟು ಇಷ್ಟೇ ಬರೆದೆ:

```
artist HAS niv AND %added% DURING 2017-05
```

ಹತ್ತೊಂಬತ್ತು ಹಾಡು. ಏಳನೆಯದು ಶುರುವಾಗಿ ವೀಣೆಯ ಒಂದು ಎಳೆ ಬರುವಷ್ಟರಲ್ಲೇ ಅಕ್ಕ, "ಹಾಂ, ಇದೇ! ನಿಲ್ಲಿಸಬೇಡ" ಎಂದಳು.

ಹಾಡಿನ ಬಗ್ಗೆ ಅಕ್ಕನಿಗೆ ಗೊತ್ತಿದ್ದ ಸಂಗತಿಗಳಲ್ಲಿ ಸಂಗೀತಕ್ಕೆ ಸಂಬಂಧವೇ ಇಲ್ಲದ ಒಂದೇ ಒಂದು ಸಂಗತಿ ಎಂದರೆ ಪುಟ್ಟಿಯ ಮದುವೆ. ಕೆಲಸಕ್ಕೆ ಬಂದದ್ದು ಅದು. ಹಾಡು ಯಾರು ಬರೆದರು, ಯಾವ ರಾಗ ಎಂಬುದನ್ನು ನಾವು ತಪ್ಪಾಗಿ ನೆನಪಿಟ್ಟುಕೊಳ್ಳುತ್ತೇವೆ. ಅದು ನಮ್ಮ ಕಿವಿಗೆ ಯಾವಾಗ ಬಿತ್ತು ಎಂಬುದರಲ್ಲಿ ಅಷ್ಟಾಗಿ ತಪ್ಪುವುದಿಲ್ಲ. ಆ ವರ್ಷ ಮನೆಗೆ ಸುಣ್ಣ ಹೊಡೆಸಿದ್ದು, ಆ ತಿಂಗಳು ಕಾಲು ಉಳುಕಿದ್ದು, ಎಲ್ಲಕ್ಕೂ ಒಂದೊಂದು ಹಾಡು ಅಂಟಿಕೊಂಡಿರುತ್ತದೆ. ಅದಕ್ಕೇ ದೊಡ್ಡ ಸಂಗ್ರಹದಲ್ಲಿ 'ಸೇರಿಸಿದ ದಿನಾಂಕ'ದ ಕಾಲಮ್ಮಿಗಿಂತ ಉಪಕಾರಿ ಇನ್ನೊಂದಿಲ್ಲ ಎಂದು ನಾನು ವಾದಿಸುತ್ತೇನೆ. ಚೀಟಿಯಲ್ಲಿ ಏನೂ ಬರೆಯದಿದ್ದರೂ, Track 01 ಎಂದಷ್ಟೇ ಇದ್ದರೂ, ಬಂದ ದಿನ ಒಂದಿದ್ದೇ ಇರುತ್ತದೆ. ಅದರ ಆಚೀಚೆ ಬಂದ ಹಾಡುಗಳನ್ನು ನೋಡಿದರೆ ಯಾರ ಪೆನ್‌ಡ್ರೈವಿನಿಂದ ಬಂತು ಎಂದೂ ತಿಳಿಯುತ್ತದೆ.

ಇಷ್ಟು ಉಪಕಾರಿಯಾದ ದಿನಾಂಕ ಇಷ್ಟು ಬೇಗ ಕೈಕೊಡುತ್ತದೆ ಎಂಬುದೇ ಸಂಕಟ. ಸಲಹೆಗಾರ ಭಾವಮೈದ ಹೊಸ ಕಂಪ್ಯೂಟರ್ ತಂದ. ಹಳೆಯ ಹಾರ್ಡ್ ಡಿಸ್ಕಿನಿಂದ ಹಾಡುಗಳನ್ನೆಲ್ಲ ಅದಕ್ಕೆ ಸುರಿದ, ಪ್ಲೇಯರ್ ಹಾಕಿದ, ಸೇರಿಸಿದ ದಿನಾಂಕದ ಮೇಲೆ ಒತ್ತಿದ. ಹತ್ತು ಹದಿನೈದು ವರ್ಷದಿಂದ ಕೂಡಿಟ್ಟ ಅಷ್ಟೂ ಹಾಡು ಅದೇ ಮಂಗಳವಾರ ಸಂಜೆ ಬಂದವು ಎಂದು ತೋರಿಸಿತು.

"ಎಲ್ಲಾ ಒಂದೇ ದಿನ ಹುಟ್ಟಿದಾವೆ ಭಾವ" ಎಂದ.

"ಫೈಲಿನ ದಿನಾಂಕ ನೋಡು."

ನೋಡಿದ. ವಿಂಡೋಸಿನಲ್ಲಿ ಫೈಲಿಗೆ ಎರಡು ಮುಖ್ಯ ದಿನಾಂಕ: Date created, Date modified. ಹೊಸ ಡಿಸ್ಕಿಗೆ ಕಾಪಿ ಮಾಡಿದಾಗ ಮೊದಲನೆಯದು ಕಾಪಿ ಮಾಡಿದ ದಿನವೇ ಆಗುತ್ತದೆ. ಎರಡನೆಯದು ಹಳೆಯದಾಗಿಯೇ ಉಳಿಯುತ್ತದೆ. ಹೀಗಾಗಿ ಹುಟ್ಟಿದ್ದು ಮೊನ್ನೆ, ತಿದ್ದಿದ್ದು 2009ರಲ್ಲಿ ಎಂಬಂಥ ವಿಚಿತ್ರ ಜಾತಕಗಳು ಕಾಣುತ್ತವೆ. ತಿದ್ದಿದ ದಿನಾಂಕವನ್ನಾದರೂ ನಂಬೋಣವೆಂದರೆ, ಟ್ಯಾಗಿನಲ್ಲಿ ಒಂದು ಅಕ್ಷರ ಸರಿಮಾಡಿದರೂ ಅದು ಬದಲಾಗಿಬಿಡುತ್ತದೆ. ಶ್ರೀನಿವಾಸರ ಸ್ಪೆಲಿಂಗ್ ಸರಿಪಡಿಸಿದ ಪುಣ್ಯಾತ್ಮರಿಗೆ ಸಿಗುವ ಫಲ ಇದು.

ಸೇರಿಸಿದ ದಿನಾಂಕ ಹಾಡಿನ ಫೈಲಿನೊಳಗೆ ಇರುವುದಿಲ್ಲ, ಪ್ಲೇಯರಿನ ಸ್ವಂತ ಲೆಕ್ಕದ ಪುಸ್ತಕದಲ್ಲಿ ಇರುತ್ತದೆ. ಫೂಬಾರಿನಲ್ಲಿ ಈ ಲೆಕ್ಕ ಇಡಲು Playback Statistics ಎಂಬ ಒಂದು ಜೋಡಣೆಯನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಹಾಕಿದ ಮೇಲಿನ ಲೆಕ್ಕವಷ್ಟೇ ನಂಬಿಕೆಗೆ ಯೋಗ್ಯ. ಅದು ಹಾಡನ್ನು ಗುರುತಿಸುವುದು ಫೈಲು ಇರುವ ಜಾಗದಿಂದಲ್ಲ, ಗಾಯಕ, ಆಲ್ಬಮ್, ಹಾಡಿನ ಹೆಸರು, ಟ್ರ್ಯಾಕಿನ ಸಂಖ್ಯೆ ಇವುಗಳಿಂದ. ಆದ್ದರಿಂದ ಫೋಲ್ಡರ್ ಬದಲಿಸಿದರೆ ತೊಂದರೆಯಿಲ್ಲ. ಬೇರೆ ಸಾಫ್ಟ್‌ವೇರಿನಲ್ಲಿ ಕೂತು ಟ್ಯಾಗ್ ತಿದ್ದಿದರೆ ಅಪಾಯ: ಹೊಸ ಹೆಸರಿನವನು ಯಾರೋ ಹೊಸಬ ಎಂದು ಅದು ತಿಳಿಯುತ್ತದೆ. ತಿದ್ದುವ ಕೆಲಸವನ್ನು ಪ್ಲೇಯರಿನ ಒಳಗೇ ಮಾಡುವುದು ಒಳ್ಳೆಯದು.

ಮೊಬೈಲಿನಲ್ಲಿ ಕೇಳುವ ಹುಡುಗರಿಗೂ ಇದು ತಪ್ಪಿದ್ದಲ್ಲ. ಪುಟ್ಟಿ ಈಗ ಹಾಡು ಕೇಳುವುದು ಸ್ಪಾಟಿಫೈನಲ್ಲಿ. ಅಲ್ಲಿ ಪ್ಲೇಲಿಸ್ಟಿನ ಹಾಡುಗಳನ್ನೆಲ್ಲ ಇನ್ನೊಂದು ಹೊಸ ಪ್ಲೇಲಿಸ್ಟಿಗೆ ಕಾಪಿ ಮಾಡಿದರೆ, ಅಲ್ಲಿನ ಸೇರಿಸಿದ ದಿನಾಂಕ ಇವತ್ತಿನದಾಗುತ್ತದೆ. ಹಳೆಯ ಪ್ಲೇಲಿಸ್ಟನ್ನು ಅಳಿಸದಿದ್ದರೆ ದಿನಾಂಕ ಅದರಲ್ಲಿ ಭದ್ರ. ಚೊಕ್ಕಟ ಮಾಡುವ ಹುಕಿಯಲ್ಲಿ ಅದನ್ನೇ ಮೊದಲು ಅಳಿಸುತ್ತಾರೆ.

ಇನ್ನು ಉಳಿದದ್ದು ನಮ್ಮದೇ ಕ್ರಮ, ಅಂದರೆ ಯಾವ ಅಕ್ಷರ, ಯಾವ ದಿನಾಂಕಕ್ಕೂ ಸಂಬಂಧವಿಲ್ಲದೆ ಇದಾದ ಮೇಲೆ ಇದು ಎಂದು ಕೈಯಾರೆ ಜೋಡಿಸಿದ್ದು. ಬೆಳಗಿನ ಜಾವದ ಭೂಪಾಳದ ಹಿಂದೆ ಯಾವ ವಚನ ಬರಬೇಕು, ಮನ್ಸೂರರ ಮುಕ್ಕಾಲು ಗಂಟೆಯ ಗಾಯನ ಮುಗಿದ ಮೇಲೆ ಎಷ್ಟು ಹಗುರವಾದದ್ದು ಬೇಕು, ಇದನ್ನು ಯಾವ ಕಾಲಮ್ಮೂ ಹೇಳುವುದಿಲ್ಲ. ಹಾಡು ಬೇಗ ಸಿಗಲು ಇದು ಏನು ಸಹಾಯ ಎಂದು ಕೇಳಬಹುದು. ಮೂವತ್ತು ಸಾವಿರದಲ್ಲಿ ಮತ್ತೆ ಮತ್ತೆ ಬೇಕಾಗುವುದು ಇನ್ನೂರು ಮುನ್ನೂರು ಮಾತ್ರ. ಅವು ಒಂದು ಕ್ರಮದಲ್ಲಿ ಕೂತು ಅಭ್ಯಾಸವಾದರೆ, ಸುಬ್ಬಣ್ಣನವರ ಹಾಡಿನ ಎರಡು ಮೆಟ್ಟಿಲು ಕೆಳಗೆ ಅಶ್ವತ್ಥ್ ಇದ್ದಾರೆ ಎಂದು ಬೆರಳಿಗೇ ಗೊತ್ತಿರುತ್ತದೆ.

ಈ ಕ್ರಮಕ್ಕೆ ಶತ್ರು ಕಾಲಮ್ಮಿನ ತಲೆ. ಫೂಬಾರಿನಲ್ಲಿ ಕಾಲಮ್ಮಿನ ಹೆಸರಿನ ಮೇಲೆ ಮೌಸ್ ಒಂದು ಸಲ ತಾಗಿದರೆ ಸಾಕು, ಪ್ಲೇಲಿಸ್ಟು ನಿಜವಾಗಿಯೂ ಅಕ್ಷರಕ್ರಮಕ್ಕೆ ಹೊಂದಿಕೊಂಡುಬಿಡುತ್ತದೆ. ಕೂಡಲೇ Ctrl+Z ಒತ್ತಿದರೆ ವಾಪಸು ಬರುತ್ತದೆ, ಮರೆತು ಮುಚ್ಚಿದರೆ ಇಲ್ಲ. ಸ್ಪಾಟಿಫೈ ಈ ವಿಷಯದಲ್ಲಿ ಸಭ್ಯ. ಅಲ್ಲಿ ಹೆಸರಿನ ಪ್ರಕಾರ, ದಿನಾಂಕದ ಪ್ರಕಾರ ಎಂಬುದೆಲ್ಲ ಬರೀ ನೋಟ; Custom order ಎಂದು ಒತ್ತಿದರೆ ನೀವು ಜೋಡಿಸಿದ್ದು ಹಾಗೇ ಇರುತ್ತದೆ. ಹಾಡನ್ನು ಹಿಡಿದು ಎಳೆದರೂ ಕದಲುತ್ತಿಲ್ಲ ಎಂದು ಪುಟ್ಟಿ ಒಮ್ಮೆ ಗೊಣಗಿದ್ದಳು. ಅವಳು ದಿನಾಂಕದ ನೋಟದಲ್ಲಿದ್ದಳು, ಅಷ್ಟೆ. ಎಳೆದು ಕೂರಿಸುವುದು Custom order ನೋಟದಲ್ಲಿ ಮಾತ್ರ.

ಪೆನ್‌ಡ್ರೈವಿಗೆ ಹಾಕಿ ಕಾರಿಗೆ ಒಯ್ದಾಗ ಇನ್ನೊಂದು ಸೋಜಿಗ. ಧರ್ಮಸ್ಥಳಕ್ಕೆ ಹೊರಟಿದ್ದೆವು. ಮೊದಲು ಸುಪ್ರಭಾತ, ಆಮೇಲೆ ದೇವರನಾಮ, ಚಾರ್ಮಾಡಿ ಘಾಟಿಯಲ್ಲಿ ಸಿನಿಮಾ ಹಾಡು ಎಂದು 001, 002 ಹಾಕಿ ಜೋಡಿಸಿದ್ದೆ. ಕಾರು ಗೇಟು ದಾಟುವ ಮೊದಲೇ ಘಾಟಿಯ ಹಾಡು ಶುರುವಾಯಿತು. ನಮ್ಮ ಅತ್ತೆಯವರು ಹಿಂದಿನ ಸೀಟಿನಿಂದ, "ಸುಪ್ರಭಾತ ಆಯ್ತೇನಪ್ಪಾ?" ಎಂದರು.

ನಮ್ಮದರಂಥ ಅನೇಕ ಕಾರಿನ ಸ್ಟೀರಿಯೊಗಳು ಹೆಸರನ್ನೂ ನೋಡುವುದಿಲ್ಲ, ಸಂಖ್ಯೆಯನ್ನೂ ನೋಡುವುದಿಲ್ಲ. ಪೆನ್‌ಡ್ರೈವಿನ ಫ್ಯಾಟ್ 32 ಪಟ್ಟಿಯಲ್ಲಿ ಯಾವ ಫೈಲಿನ ಹೆಸರು ಮೊದಲು ದಾಖಲಾಗಿದೆಯೋ ಅದನ್ನು ಮೊದಲು ನುಡಿಸುತ್ತವೆ. ಅಂದರೆ ಕಾಪಿಯಾದ ಕ್ರಮವೇ ಅವುಗಳ ಕ್ರಮ. ವಿಂಡೋಸಿನಲ್ಲಿ ಹತ್ತಾರು ಫೈಲು ಆರಿಸಿ ಎಳೆಯುವಾಗ, ಯಾವುದರ ಮೇಲೆ ಮೌಸ್ ಇಟ್ಟು ಎಳೆಯುತ್ತೀರೋ ಅದು ಮೊದಲು ಹೋಗುತ್ತದೆ. ನಡುವಿನದನ್ನು ಹಿಡಿದು ಎಳೆದರೆ ಕ್ರಮ ನಡುವಿನಿಂದ ಶುರು. ಮೊದಲನೆಯದನ್ನೇ ಹಿಡಿದು ಎಳೆಯಬೇಕು. ಆಮೇಲೆ ಯಾವುದಾದರೂ ಹಾಡು ಅಳಿಸಿ ಹೊಸದು ಹಾಕಿದರೆ, ಅಳಿಸಿದ್ದರ ಖಾಲಿ ಜಾಗಕ್ಕೇ ಹೊಸದರ ಹೆಸರು ಹೋಗಿ ಕೂರಬಹುದು. ಕೊನೆಗೆ ಸೇರಿಸಿದ ಹಾಡು ನಡುವೆಲ್ಲೋ ಕೇಳಿಸಿದರೆ ಇದೇ ಕಾರಣ ಎಂದು ತಿಳಿಯಿರಿ. ಪೆನ್‌ಡ್ರೈವಿನ ಪಟ್ಟಿಯನ್ನೇ ಹೆಸರಿನ ಕ್ರಮಕ್ಕೆ ತರುವ ಫ್ಯಾಟ್‌ಸಾರ್ಟ್‌ನಂಥ ಚಿಕ್ಕ ಉಪಕರಣಗಳಿವೆ. ಅವು ಬೇಡವೆಂದರೆ ಪೂರ್ತಿ ಫಾರ್ಮ್ಯಾಟ್ ಮಾಡಿ, ಮತ್ತೆ ಮೊದಲಿನಿಂದ ಕಾಪಿ ಮಾಡುವುದು. ನಾನು ಈಗ ಎರಡನೆಯದನ್ನೇ ಮಾಡುತ್ತೇನೆ, ಅತ್ತೆಯವರ ಎದುರಿಗೇ.

ಕೊನೆಗೆ ಹಳೆಯ ಸಂಗ್ರಹ ಇಟ್ಟುಕೊಂಡವರಲ್ಲಿ ಒಂದು ವಿನಂತಿ. ಹೊಸ ಕಂಪ್ಯೂಟರ್ ತರುವ ಯೋಚನೆಯಿದ್ದರೆ, ಹಳೆಯದನ್ನು ಬಿಡುವ ಮುನ್ನ ಫೂಬಾರಿನಲ್ಲಿ ಎಲ್ಲ ಹಾಡುಗಳನ್ನೂ ಆರಿಸಿ, ಬಲಗಡೆ ಕ್ಲಿಕ್ ಮಾಡಿ, Playback Statistics ಒಳಗೆ Write playback statistics to file tags ಎಂಬುದನ್ನು ಒತ್ತಿ. ಸೇರಿಸಿದ ದಿನಾಂಕ ಹಾಡಿನ ಚೀಟಿಯೊಳಕ್ಕೇ ಇಳಿಯುತ್ತದೆ. ಹೊಸ ಕಂಪ್ಯೂಟರಿನಲ್ಲಿ Import statistics from file tags ಒತ್ತಿದರೆ ತಿರುಗಿ ಬರುತ್ತದೆ. ಸಾವಿರಾರು ಫೈಲಿದ್ದರೆ ಸ್ವಲ್ಪ ಹೊತ್ತು ಹಿಡಿಯುತ್ತದೆ, ಒಂದು ಲೋಟ ಕಾಫಿ ಮಾಡಿಕೊಂಡು ಕೂತುಕೊಳ್ಳಿ. ಭಾವಮೈದನಿಗೆ ಇದನ್ನು ಹೇಳುವಷ್ಟರಲ್ಲಿ ಅವನು ಹಳೆಯ ಡಿಸ್ಕನ್ನು ಗುಜರಿಯವನಿಗೆ ಕೊಟ್ಟಾಗಿತ್ತು.